ಆಹೇರದ ಪಾಕೀಟು ಮತ್ತು ಕೃತಜ್ಞತೆಯ ಕಾಗದ



ನಮ್ಮ ಬೀದರ ಸೀಮೆಯಲ್ಲಿ ಲಗ್ನ ಮುಗಿಸಿದ ಮನೆಯವರಿಗೆ ಈಚೆಗೆ ಒಂದು ಹೊಸ ಕೆಲಸ ಸೇರಿಕೊಂಡಿದೆ. ಪೆಂಡಾಲು ಬಿಚ್ಚಿ, ಅಡುಗೆಯವರ ಲೆಕ್ಕ ಚುಕ್ತಾ ಮಾಡಿ, ಬೀಗರನ್ನು ಕಳಿಸಿಕೊಟ್ಟ ಮೇಲೆ, ಬಂದುಹೋದ ಮಂದಿಗೆ ಒಂದು ಕಾಗದ ಕಳಿಸಬೇಕು. ‘ನೀವು ಬಂದಿರಿ, ಸಂತೋಷವಾಯಿತು’ ಎಂಬ ಮೂರು ಸಾಲಿನ ಕಾಗದ. ನಮ್ಮ ಹಿರಿಯರಿಗೆ ಇದರ ಗೊಡವೆ ಇರಲಿಲ್ಲ. ಬಂದವರ ಮನೆಯ ಲಗ್ನಕ್ಕೆ ತಾವೂ ಹೋಗುವುದು, ಬಂದವರು ಮಾಡಿದ ಆಹೇರಕ್ಕೆ ತಿರುಗಿ ಆಹೇರ ಮಾಡುವುದು, ಅದೇ ಹಿರಿಯರ ಕೃತಜ್ಞತೆ. ಈಗ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೌಕರಿಗಿದ್ದಾರೆ, ಅಲ್ಲಿ ಕಂಡದ್ದನ್ನು ಇಲ್ಲಿಗೆ ತಂದಿದ್ದಾರೆ. ತಂದದ್ದು ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಏಳದ ಒಂದು ಪ್ರಶ್ನೆ ಭಾಲ್ಕಿಯಲ್ಲಿ ಏಳುತ್ತದೆ: ಈ ಕಾಗದವನ್ನು ಯಾವ ಭಾಷೆಯಲ್ಲಿ ಬರೆಸೋಣ?

ಬರೆಸುವವರು ಕನ್ನಡದವರು, ಕನ್ನಡದಲ್ಲೇ ಬರೆಸಲಿ ಎಂದು ದೂರದವರು ಹೇಳಿಯಾರು. ಲಗ್ನಕ್ಕೆ ಬಂದವರ ಪಟ್ಟಿ ನೋಡಿದರೆ ಅವರೂ ಸುಮ್ಮನಾಗುತ್ತಾರೆ. ಹುಡುಗನ ಕಡೆಯವರು ಉದಗೀರದವರು. ಹುಡುಗಿಯ ತಾಯಿಯ ತವರು ಜಹೀರಾಬಾದ. ಅಪ್ಪನ ಜೊತೆ ಒಂದೇ ಕಚೇರಿಯಲ್ಲಿ ಮೂವತ್ತು ವರ್ಷ ಕೂತ ಗೆಳೆಯರು ಬೀದರದ ಉರ್ದು ಮನೆಯವರು. ಹೊಲದ ಪಾಲುದಾರರು ಔರಾದ ತಾಲೂಕಿನ ತಾಂಡಾದವರು. ಒಂದೇ ಮನೆಯೊಳಗೆ ಗಂಡನಿಗೆ ಒಂದು, ಹೆಂಡತಿಗೆ ಒಂದು, ಮಕ್ಕಳಿಗೆ ಮತ್ತೊಂದು ಎನ್ನುವ ಸಂಸಾರಗಳೂ ಪಟ್ಟಿಯಲ್ಲಿ ಹತ್ತಾರು. ಇಂಥ ಮನೆಗಳಿಗೆ ಕಾಗದ ಬರೆಯುವಾಗ ಭಾಷೆಯನ್ನು ಹೇಗೆ ಆರಿಸುವುದು ಎಂಬುದಷ್ಟೇ ಇವತ್ತಿನ ನನ್ನ ಮಾತು.

ಮೊದಲು ಇದು ಹೀಗೇಕಾಯಿತು ಎಂಬುದನ್ನು ಸ್ವಲ್ಪ ನೋಡೋಣ, ಯಾಕೆಂದರೆ ಆರಿಸುವ ದಾರಿ ಅಲ್ಲಿಂದಲೇ ಸಿಗುತ್ತದೆ. 1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ರಾಜ್ಯದ ಜಿಲ್ಲೆ. ಅಂದು ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಉದಗೀರ, ಅಹಮದಪುರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಅವು ಇಂದು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ನಾರಾಯಣಖೇಡ ತಾಲೂಕು ಮತ್ತು ಜಹೀರಾಬಾದ ತಾಲೂಕಿನ ಬಹುಭಾಗ ಆಂಧ್ರಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದ ಊರುಗಳು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಗೆರೆ ಎಳೆದವರು ತಾಲೂಕುಗಳನ್ನು ಹಂಚಿದರು, ಬೀಗತನವನ್ನು ಹಂಚಲಾಗಲಿಲ್ಲ. ಭಾಲ್ಕಿಯ ಹುಡುಗಿ ಉದಗೀರಕ್ಕೆ ಹೋಗುವುದು, ಉದಗೀರದ ಹುಡುಗಿ ಭಾಲ್ಕಿಗೆ ಬರುವುದು ನಡೆದೇ ಇತ್ತು, ಇಂದಿಗೂ ನಡೆದಿದೆ.

ಬದಲಾದದ್ದು ಸಾಲಿ. ಗೆರೆಯ ಆಚೆ ಉಳಿದ ಲಿಂಗಾಯತ ಮನೆಗಳಲ್ಲಿ ಮಾತು ಕನ್ನಡವೇ ಇದ್ದೀತು, ಆದರೆ ಮಕ್ಕಳು ಕಲಿತದ್ದು ಮರಾಠಿ ಸಾಲಿಯಲ್ಲಿ. ಅಜ್ಜಿಯ ಜೊತೆ ಕನ್ನಡದಲ್ಲಿ ಹರಟುವ ಹುಡುಗ ಕನ್ನಡದ ಪತ್ರಿಕೆ ಕೈಗೆ ಕೊಟ್ಟರೆ ತಲೆಕೆಳಗಾಗಿ ಹಿಡಿದಾನು. ಗೆರೆಯ ಈಚೆಗೂ ಹೀಗೆಯೇ. ಔರಾದ, ಕಮಲನಗರದ ಕಡೆ ಮನೆಮಾತು ಮರಾಠಿ ಇದ್ದೂ ಕನ್ನಡ ಸಾಲಿ ಓದಿದವರಿದ್ದಾರೆ, ಮರಾಠಿ ಸಾಲಿ ಓದಿದವರೂ ಇದ್ದಾರೆ. ಒಂದೇ ಊರು, ಒಂದೇ ಓಣಿ, ಕೆಲವೊಮ್ಮೆ ಅಣ್ಣನದೊಂದು ಸಾಲಿ, ತಮ್ಮನದೊಂದು ಸಾಲಿ.

ಇನ್ನೂ ಹಿಂದಕ್ಕೆ ಹೋದರೆ ಉರ್ದುವಿನ ಕಥೆ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು, ಹೈಸ್ಕೂಲಿನ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಪಾಠ ಹೇಳಿತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಕಡೆ ಮನೆಮಾತಾಗಿದೆ. ಆ ಪಾಠ ಸಿಕ್ಕವರಿಗೆ ಸಿಕ್ಕಿತು. ಸಿಗದ ಎಷ್ಟೋ ಹಿರಿಯರು, ಕನ್ನಡ ಮನೆಯವರು, ಮರಾಠಿ ಮನೆಯವರು, ಅರ್ಜಿ ಬರೆಯುವುದು, ಕಾಗದ ಓದುವುದು, ಸಹಿ ಹಾಕುವುದು ಉರ್ದುವಿನಲ್ಲೇ ಕಲಿತರು. 1948ಕ್ಕೆ ಮುಂಚೆ ಸಾಲಿಗೆ ಹೋದ ಅಂಥವರು ಈಗ ಬಹಳ ಕಡಿಮೆ. ಆದರೂ ವಿಭೂತಿ ಹಚ್ಚಿದ ಅಜ್ಜನೊಬ್ಬ ಉರ್ದು ಪೇಪರು ಹಿಡಿದು ಕೂತದ್ದನ್ನು ನೋಡಿದ ನೆನಪು ಬೀದರದಲ್ಲಿ ಐವತ್ತು ದಾಟಿದ ಯಾರಿಗಾದರೂ ಇದ್ದೀತು.

ಇದರ ಉಲ್ಟಾ ಇಂದು ನಡೆದಿದೆ. ಮನೆಯಲ್ಲಿ ದಖನಿ ಮಾತಾಡುವ ಎಷ್ಟೋ ಮುಸ್ಲಿಂ ಮನೆಗಳ ಮಕ್ಕಳು ಕನ್ನಡ ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಓದಿದ್ದಾರೆ. ಅವರಲ್ಲಿ ಕೆಲವರಿಗೆ ಉರ್ದು ಅಕ್ಷರ ಕೂಡಿಸಿ ಕೂಡಿಸಿ ಓದಬೇಕಾಗುತ್ತದೆ, ಕನ್ನಡ ಸರಾಗ. ಲಂಬಾಣಿ ಮನೆಗಳ ಸಂಗತಿ ಇನ್ನೂ ಒಂದು ತರಹ. ಲಂಬಾಣಿಗೆ ತನ್ನದೇ ಲಿಪಿಯ ರೂಢಿ ಇಲ್ಲ. ಔರಾದದ ತಾಂಡಾದಲ್ಲಿ ಬೆಳೆದವರು ಅದನ್ನು ಬರೆಯಬೇಕಾದರೆ ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ. ನಾಂದೇಡ ಕಡೆಗೆ ಲಗ್ನವಾಗಿ ಹೋದ ಅಕ್ಕನ ಮಕ್ಕಳು ದೇವನಾಗರಿಯಲ್ಲಿ. ನಾರಾಯಣಖೇಡದ ಬೀಗರು ತೆಲುಗಿನಲ್ಲಿ. ಒಂದೇ ಮಾತು, ಒಂದೇ ಬಳಗ, ಮೂರು ಅಕ್ಷರ.

ಹೀಗಿರುವಾಗ ನಾವು ಸಾಮಾನ್ಯವಾಗಿ ಮಾಡುವುದೇನು? ಪಟ್ಟಿಯಲ್ಲಿರುವ ಹೆಸರು ನೋಡುತ್ತೇವೆ. ಪಾಟೀಲರಿಗೆ ಕನ್ನಡ, ಜಾಧವರಿಗೆ ಮರಾಠಿ, ಖಾನ್ ಸಾಹೇಬರಿಗೆ ಉರ್ದು, ರೆಡ್ಡಿಯವರಿಗೆ ತೆಲುಗು ಎಂದು ಹಂಚಿಬಿಡುತ್ತೇವೆ. ಬಹಳ ಗೌರವ ಮಾಡಿದೆವು ಎಂದುಕೊಳ್ಳುತ್ತೇವೆ. ನನ್ನ ಪ್ರಕಾರ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹೆಚ್ಚು ತಪ್ಪಿಗೆ ಎಳೆಯುವ ದಾರಿ ಇನ್ನೊಂದಿಲ್ಲ. ಕನ್ನಡದಲ್ಲಿ ಎಂಎ ಮಾಡಿ ಕನ್ನಡವನ್ನೇ ಪಾಠ ಹೇಳುವ ಮುಸ್ಲಿಂ ಮಾಸ್ತರರಿಗೆ ಉರ್ದು ಕಾಗದ ಹೋದರೆ ಅವರು ನಕ್ಕು ಇಟ್ಟುಕೊಂಡಾರು. ಆದರೆ ಇಷ್ಟು ವರ್ಷ ಜೊತೆಗಿದ್ದೂ ಇವರು ನನ್ನನ್ನು ಹೆಸರಿನಿಂದಷ್ಟೇ ಗುರುತಿಸಿದರಲ್ಲ ಎಂದು ಅವರಿಗೆ ಅನ್ನಿಸದೆ ಇರುವುದಿಲ್ಲ. ಮನೆಮಾತು ಯಾವುದು ಎಂದು ನೋಡುವುದೂ ಸಾಲದು, ಅದನ್ನು ಆಗಲೇ ಕಂಡೆವು. ಕಾಗದ ಎನ್ನುವುದು ಓದುವ ವಸ್ತು. ಆ ಮನೆಯವರು ಯಾವ ಅಕ್ಷರವನ್ನು ಸಲೀಸಾಗಿ ಓದುತ್ತಾರೆ ಎಂಬುದೊಂದೇ ಇಲ್ಲಿ ಲೆಕ್ಕಕ್ಕೆ ಬರುವ ಪ್ರಶ್ನೆ.

ಹಾಗಾದರೆ ಮನೆಮನೆಗೆ ಹೋಗಿ ‘ನೀವು ಯಾವ ಸಾಲಿ ಓದೀರಿ’ ಎಂದು ಕೇಳುವುದೇ? ಬೇಕಿಲ್ಲ. ಬಂದವರು ಅದನ್ನು ತಾವೇ ಬರೆದುಕೊಟ್ಟು ಹೋಗಿದ್ದಾರೆ. ಆಹೇರದ ಪಾಕೀಟು ನೋಡಿ. ಒಳಗೆ ರೊಕ್ಕ, ಹೊರಗೆ ಅವರ ಕೈಯಿಂದಲೇ ಬರೆದ ಹೆಸರು, ಊರು. ಆ ಹೆಸರು ಯಾವ ಅಕ್ಷರದಲ್ಲಿದೆಯೋ ಆ ಅಕ್ಷರ ಅವರ ಕೈಗೆ ಒಗ್ಗಿದ ಅಕ್ಷರ. ಆಹೇರ ಬರೆಯಲು ಕೂತವನ ವಹಿಯಿಂದ ಇದು ತಿಳಿಯುವುದಿಲ್ಲ, ಯಾಕೆಂದರೆ ಅವನು ಎಲ್ಲರ ಹೆಸರನ್ನೂ ತನಗೆ ಬಂದ ಅಕ್ಷರದಲ್ಲೇ ಬರೆದುಕೊಳ್ಳುತ್ತಾನೆ. ರಾತ್ರಿ ಮನೆಮಂದಿಯೆಲ್ಲ ಕೂತು ಪಾಕೀಟು ಒಡೆದು ರೊಕ್ಕ ಎಣಿಸಿ, ಮೊತ್ತವನ್ನು ವಹಿಗೆ ಏರಿಸಿ, ಬರಿದಾದ ಪಾಕೀಟುಗಳನ್ನು ಗುಡಿಸಿ ಹೊರಗೆ ಹಾಕಿಬಿಡುತ್ತೇವೆ. ನಮಗೆ ಬೇಕಾದ ಗುರುತು ಆ ಕಸದಲ್ಲಿ ಹೋಗುತ್ತದೆ.

ಈ ಗುರುತಿಗೂ ಮಿತಿ ಇದೆ. ಎಷ್ಟೋ ಪಾಕೀಟುಗಳ ಮೇಲೆ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಅದರಿಂದ ಬರೆದವರು ಕಾಲೇಜು ಮೆಟ್ಟಿಲು ಹತ್ತಿದವರು ಎಂಬುದಷ್ಟೇ ತಿಳಿದೀತು. ಕೆಲವನ್ನು ಅಪ್ಪನ ಪರವಾಗಿ ಮಗ ಬರೆದಿರುತ್ತಾನೆ. ಕೆಲವರು ಪಾಕೀಟಿನ ಬದಲು ಸೀರೆ, ಪಾತ್ರೆ ಕೊಟ್ಟಿರುತ್ತಾರೆ. ಆಗ ಎರಡನೆಯ ಗುರುತು ನೋಡಬೇಕು: ಆ ಮನೆಯವರು ತಮ್ಮ ಮನೆಯ ಲಗ್ನಕ್ಕೆ ನಮಗೆ ಕಳಿಸಿದ ಪತ್ರಿಕೆ. ನಮ್ಮ ಮನೆಗಳಲ್ಲಿ ಹಳೆಯ ಲಗ್ನಪತ್ರಿಕೆಗಳು ಅಲಮಾರಿಯ ಮೇಲೋ ದೇವರ ಮನೆಯ ಗೂಡಿನಲ್ಲೋ ಬಿದ್ದಿರುತ್ತವೆ. ಅವುಗಳಲ್ಲಿ ಮರಾಠಿಯ ಪತ್ರಿಕೆ ಯಾರದು, ಒಂದು ಮಗ್ಗುಲಿಗೆ ಕನ್ನಡ ಇನ್ನೊಂದು ಮಗ್ಗುಲಿಗೆ ಮರಾಠಿ ಹಾಕಿಸಿದವರು ಯಾರು, ಉರ್ದು ರುಕ್ಕಾ ಯಾರದು ಎಂದು ನೋಡಿದರೆ ಆ ಮನೆ ತನ್ನನ್ನು ಯಾವ ಅಕ್ಷರದಲ್ಲಿ ತೋರಿಸಿಕೊಳ್ಳಲು ಬಯಸುತ್ತದೆ ಎಂಬುದು ಗೊತ್ತಾಗುತ್ತದೆ. ಪಾಕೀಟು ಒಂದು ಹೇಳಿ ಪತ್ರಿಕೆ ಇನ್ನೊಂದು ಹೇಳಿದರೆ ನಾನು ಪಾಕೀಟನ್ನೇ ನಂಬುತ್ತೇನೆ. ಪತ್ರಿಕೆಯನ್ನು ಹಿರಿಯರು ಊರ ಮಂದಿಗಾಗಿ ಅಚ್ಚು ಹಾಕಿಸಿರುತ್ತಾರೆ, ಪಾಕೀಟಿನ ಮೇಲೆ ಬರೆಯುವಾಗ ಯಾರೂ ಊರ ಮಂದಿಯ ಚಿಂತೆ ಮಾಡುವುದಿಲ್ಲ. ಎರಡೂ ಇಲ್ಲದಿದ್ದರೆ ಫೋನು ಇದ್ದೇ ಇದೆ.

ಈಗ ಒಂದು ಲಗ್ನವನ್ನು ಹಿಡಿದು ಲೆಕ್ಕ ಹಾಕೋಣ. ಇದು ಯಾರ ಮನೆಯದೂ ಅಲ್ಲ, ಮಾತಿಗೆ ಇಟ್ಟುಕೊಂಡದ್ದು. ಭಾಲ್ಕಿಯ ಹುಡುಗಿ, ಉದಗೀರದ ಹುಡುಗ. ಹುಡುಗಿಯ ತಂದೆ ಕಾಗದ ಕಳಿಸಬೇಕಾದ ಮನೆಗಳು 160. ಪಾಕೀಟು, ಪತ್ರಿಕೆ, ಫೋನು ಮೂರರಿಂದಲೂ ತಿಳಿದು ಅಕ್ಷರದ ಮೇಲೆ ಬೇರೆ ಮಾಡಿದರೆ ಕನ್ನಡದವು 92, ಮರಾಠಿಯವು 38, ಉರ್ದುವಿನವು 14, ತೆಲುಗಿನವು 9, ಏನೂ ತಿಳಿಯದವು 7. ಈ ರಾಶಿಗಳೊಳಗೆ ಕೈಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಮರಾಠಿ ರಾಶಿಯಲ್ಲಿ ಹುಡುಗನ ಸ್ವಂತ ಕಾಕಂದಿರು, ಕನ್ನಡದಲ್ಲೇ ಮಾತಾಡಿ ಹೋದವರು ಇದ್ದಾರೆ. ಕನ್ನಡದ ರಾಶಿಯಲ್ಲಿ ಔರಾದದ ಮರಾಠಾ ಮನೆಗಳೂ, ಬೀದರದ ಮುಸ್ಲಿಂ ಮನೆಗಳೂ, ತಾಂಡಾದವರೂ ಇದ್ದಾರೆ. ಉರ್ದು ರಾಶಿಯಲ್ಲಿ ಭಾಲ್ಕಿಯದೇ ಒಬ್ಬ ವೃದ್ಧ ಲಿಂಗಾಯತರ ನಡುಗುವ ಅಕ್ಷರ ಸಿಕ್ಕೀತು.

ಇನ್ನು ಅಚ್ಚಿನ ಮಾತು. 160 ಮನೆಗೂ ಒಂದೇ ಕಾರ್ಡು, ಅದರ ಮೇಲೆ ನಾಲ್ಕು ಭಾಷೆ ಎಂದು ಹುಡುಗರು ಸೂಚಿಸುತ್ತಾರೆ. ನೋಡಲು ಚಂದ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ನಾಲ್ಕು ಭಾಷೆ ತುಂಬಿದ ಕಾರ್ಡು ರೈಲು ನಿಲ್ದಾಣದ ಫಲಕದ ಹಾಗೆ. ಎಲ್ಲರಿಗೂ ಹೇಳುತ್ತದೆ, ಯಾರೊಬ್ಬರಿಗೂ ಹೇಳುವುದಿಲ್ಲ. ಅದೂ ಅಲ್ಲದೆ ಯಾವುದು ಮೇಲೆ, ಯಾವುದು ಕೆಳಗೆ, ಯಾವುದರ ಅಕ್ಷರ ದಪ್ಪ, ಯಾವುದರದು ಸಣ್ಣ ಎಂಬ ಕಿರಿಕಿರಿ ಹುಟ್ಟುತ್ತದೆ. ಬೀಗರ ಮಧ್ಯೆ ಅಷ್ಟು ಸಾಕು.

ಇಂಗ್ಲಿಷಿನಲ್ಲಿ ಹಾಕಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಇದರಿಂದ ಯಾರೂ ಸಿಟ್ಟಾಗುವುದಿಲ್ಲ, ಖರೆ. ಆದರೆ ಕಾಗದ ಬಂದಾಗ ಮನೆಯಲ್ಲಿರುವವರು ಯಾರು? ಮಧ್ಯಾಹ್ನದ ಹೊತ್ತು ಅತ್ತೆ, ಅಜ್ಜಿ, ದೊಡ್ಡವ್ವ. ಲಗ್ನಕ್ಕೆ ಎರಡು ದಿನ ಮೊದಲೇ ಬಂದು ಅರಿಶಿಣ ಹಚ್ಚಿದವರು, ಹಾಡು ಹಾಡಿದವರು ಅವರೇ. ಅವರ ಕೈಗೆ ಓದಲಾಗದ ಕಾಗದ ಕೊಟ್ಟು ಸಂಜೆ ಮೊಮ್ಮಗ ಬರುವವರೆಗೆ ಕಾಯಿಸುವುದು ಯಾವ ನ್ಯಾಯ? ಹಿಂದಿಯದೂ ಅದೇ ಹಣೆಬರಹ. ದೇವನಾಗರಿ ಬಲ್ಲ ಮರಾಠಿಯವರು ಓದಿಯಾರು, ಸಾಲಿಯಲ್ಲಿ ಹಿಂದಿ ಕಲಿತ ಕನ್ನಡದವರೂ ಓದಿಯಾರು. ಆದರೆ ಕಳಿಸುವವರ ಮನೆಯಲ್ಲೂ ಅದು ಇಲ್ಲ, ತಲುಪುವ ಮನೆಯಲ್ಲೂ ಇಲ್ಲ.

ನಮ್ಮ ಲೆಕ್ಕದ ಲಗ್ನಕ್ಕೆ ನಾನು ಹೇಳುವ ದಾರಿ ಇದು. ಕನ್ನಡದ ಕಾರ್ಡು ಒಂದು, ಮರಾಠಿಯದು ಒಂದು, ಎರಡೂ ಬೇರೆ ಬೇರೆ ಅಚ್ಚಾಗಲಿ. ಒಂದೇ ಕಾಗದ, ಒಂದೇ ಬಣ್ಣ, ಒಂದೇ ಅಳತೆ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ಲೇಟಿನ ಖರ್ಚು 40 ಕಾರ್ಡಿಗೂ ಅಷ್ಟೇ, 400ಕ್ಕೂ ಅಷ್ಟೇ. ಆದ್ದರಿಂದ ಇಷ್ಟು ಕಡಿಮೆ ಸಂಖ್ಯೆಗೆ ಡಿಜಿಟಲ್ ಪ್ರಿಂಟೇ ಸರಿ. ಅಲ್ಲಿ ಪ್ಲೇಟು ಇಲ್ಲ, ಎಷ್ಟು ಬೇಕೋ ಅಷ್ಟೇ ತೆಗೆಸಬಹುದು. ಉರ್ದುವಿನ 14, ತೆಲುಗಿನ 9 ಮನೆಗಳಿಗೆ ಅಚ್ಚು ಹಾಕಿಸುವ ಗೋಜೇ ಬೇಡ. ಕನ್ನಡದ ಕಾರ್ಡಿನ ಹಿಂಬದಿ ಖಾಲಿ ಬಿಡಿಸಿ, ಅಲ್ಲಿ ಆ ಅಕ್ಷರ ಬಲ್ಲವರಿಂದ ಎರಡು ಸಾಲು ಕೈಯಿಂದ ಬರೆಸಿ. ಬೀದರದಲ್ಲಿ ಉರ್ದು ಮಾಸ್ತರರಿಗೆ ಬರವಿಲ್ಲ. ತೆಲುಗಿಗೆ ಹುಡುಗಿಯ ಸೋದರಮಾವನೇ ಇದ್ದಾನೆ. ಮಸಿಯಿಂದ ಬರೆದ ಎರಡು ಸಾಲನ್ನು ಮಂದಿ ಅಚ್ಚಿನ ಇಡೀ ಕಾರ್ಡಿಗಿಂತ ಹೆಚ್ಚು ದಿನ ಇಟ್ಟುಕೊಳ್ಳುತ್ತಾರೆ.

ಕೈಬರಹಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡ ಡಿಟಿಪಿ ಮಾಡುವ ಅಂಗಡಿಯಲ್ಲಿ ನುಡಿಯೋ ಬರಹವೋ ಇರುತ್ತದೆ. ಮರಾಠಿಗೆ ಶ್ರೀಲಿಪಿ ಇಟ್ಟವರು ಸಿಗುತ್ತಾರೆ. ಉರ್ದುವಿನ ನಸ್ತಾಲೀಖ್ ಅಕ್ಷರಕ್ಕೆ ಹೆಚ್ಚಾಗಿ ಇನ್‌ಪೇಜ್ ಎಂಬ ಬೇರೆ ತಂತ್ರಾಂಶ ಬಳಸುತ್ತಾರೆ, ಅದನ್ನು ಬಲ್ಲವರು ಬೇರೆ ಅಂಗಡಿಯಲ್ಲಿರುತ್ತಾರೆ. ಒಬ್ಬರಲ್ಲಿ ಟೈಪಾದದ್ದನ್ನು ಇನ್ನೊಬ್ಬರ ಕಂಪ್ಯೂಟರಿಗೆ ಒಯ್ದಾಗ ಎಡವಟ್ಟು ಶುರು. ಉರ್ದು ಬಾರದವರೂ ಅದನ್ನು ಕಣ್ಣಿನಿಂದಲೇ ಹಿಡಿಯಬಹುದು: ಉರ್ದುವಿನಲ್ಲಿ ಹೆಚ್ಚಿನ ಅಕ್ಷರಗಳು ಒಂದಕ್ಕೊಂದು ಕೈಹಿಡಿದು ಸಾಗುತ್ತವೆ, ಒಂದೊಂದೂ ಬಿಡಿಬಿಡಿಯಾಗಿ ನಿಂತಿದ್ದರೆ ಅಚ್ಚು ಕೆಟ್ಟಿದೆ ಎಂದೇ ಅರ್ಥ, ಬಹುಶಃ ಸಾಲೂ ಎಡದಿಂದ ಬಲಕ್ಕೆ ತಿರುಗಿದೆ. ಕನ್ನಡದಲ್ಲಾದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಕೂತಿರುತ್ತದೆ, ಇಲ್ಲವೆ ಅಕ್ಷರದ ಜಾಗದಲ್ಲಿ ಚೌಕದ ಡಬ್ಬಿಗಳು. ಅಂಗಡಿಯವರಿಗೆ ‘ಅಕ್ಷರವನ್ನೆಲ್ಲ ಕರ್ವ್ ಮಾಡಿ ಪಿಡಿಎಫ್ ಕೊಡ್ರಿ’ ಎಂದರೆ ಅವರಿಗೆ ತಿಳಿಯುತ್ತದೆ; ಹಾಗೆ ಮಾಡಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಒಡೆಯುವುದಿಲ್ಲ. ಆಮೇಲೂ ಮೊದಲ ಪ್ರತಿಯನ್ನು ಆ ಭಾಷೆ ದಿನಾ ಓದುವ ಒಬ್ಬರ ಕೈಗೆ ಕೊಟ್ಟೇ ಮುಂದಿನದನ್ನು ತೆಗೆಸಬೇಕು. ಮಾತಾಡಲು ಬಂದರೆ ಸಾಲದು, ಓದಲು ಬರಬೇಕು.

ಬರೆಯುವುದೇನು? ಕನ್ನಡದಲ್ಲಿ ಇಷ್ಟು ಸಾಕು: ‘ನಮ್ಮ ಮಗಳ ಲಗ್ನಕ್ಕೆ ಬಂದು, ಉಂಡು, ಹರಸಿ ಹೋದಿರಿ. ಮನೆಮಂದಿಗೆಲ್ಲ ಸಂತೋಷವಾಯಿತು. ಮಗಳು ಅಳಿಯ ನಿಮ್ಮ ಕಡೆ ಬಂದಾಗ ಹೀಗೆಯೇ ಹರಸಿರಿ.’ ಇದನ್ನು ಹಿಡಿದು ಮರಾಠಿಗೆ ಶಬ್ದಕ್ಕೆ ಶಬ್ದ ಕೂಡಿಸಲು ಹೋಗಬೇಡಿ. ಮರಾಠಿಯವರು ಹೇಳುವ ರೀತಿ ಬೇರೆ: ‘ಆಪಣ ಆವರ್ಜೂನ ಆಲಾತ, ಆಮ್ಹಾಲಾ ಖೂಪ ಆನಂದ ಝಾಲಾ.’ ಈ ಮಾತಿನಲ್ಲಿ ಒಂದು ಅನುಕೂಲವಿದೆ. ‘ಆಲಾತ’ ಎಂದರೆ ಬಂದವರು ಗಂಡಸರೋ ಹೆಂಗಸರೋ ಎಂಬ ಪ್ರಶ್ನೆ ಏಳುವುದಿಲ್ಲ, ನಮ್ಮ ‘ಬಂದಿರಿ’ಯ ಹಾಗೆ ಎಲ್ಲರಿಗೂ ಸಲ್ಲುತ್ತದೆ. ಉರ್ದುವಿನಲ್ಲಿ ಹಾಗಲ್ಲ. ‘ಆಪ್ ಆಯೇ’ ಎಂದು ಬರೆದ ಕಾಗದ ಒಬ್ಬಂಟಿ ಹೆಣ್ಣುಮಗಳ ಮನೆಗೆ ಹೋದರೆ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಬಲ್ಲವರು ‘ಆಪ್ ಕೀ ತಶ್ರೀಫ್ ಆವರೀ ಕಾ ಶುಕ್ರಿಯಾ’ ಎಂದು ಬರೆದು ಆ ತೊಡಕನ್ನೇ ದಾಟುತ್ತಾರೆ. ತೆಲುಗಿಗೆ ‘ಮೀರು ವಚ್ಚಿನಂದುಕು ಮಾಕು ಚಾಲಾ ಸಂತೋಷಂ’ ಎಂದರೆ ಮುಗಿಯಿತು.

ಬರಲಾಗದೆ ಆಹೇರ ಮಾತ್ರ ಕಳಿಸಿದವರನ್ನು ಬೇರೆ ಇಡಿ. ಕಾಲು ಮುರಿದು ಮಲಗಿದ್ದ ಅತ್ತೆಗೆ ‘ನೀವು ಬಂದು ಉಂಡು ಹೋದಿರಿ’ ಎಂಬ ಕಾಗದ ಹೋದರೆ ಯಾವ ಭಾಷೆಯಲ್ಲಿದ್ದರೂ ತಪ್ಪೇ.

ಹೆಸರು ಬರೆಯುವ ಜಾಗದಲ್ಲಿ ಎರಡು ಮಾತು. ಎದುರಿಗೆ ಸಿಕ್ಕಾಗ ಏನೆಂದು ಕರೆಯುತ್ತೀರೋ ಕಾಗದದಲ್ಲೂ ಹಾಗೆಯೇ ಕರೆಯಿರಿ. ತಾಯಿಯ ತಂಗಿಯನ್ನು ಮೊದಲಿನಿಂದ ಮೌಶಿ ಎಂದೇ ಕರೆದಿದ್ದರೆ ಕನ್ನಡ ಕಾಗದದಲ್ಲೂ ಅವಳು ಮೌಶಿಯೇ ಆಗಿರಲಿ, ಅಚ್ಚಿನ ಮರ್ಯಾದೆಗೆಂದು ಚಿಕ್ಕಮ್ಮ ಮಾಡಬೇಡಿ. ಇನ್ನೊಂದು, ಗಂಡ ತೀರಿಹೋದ ಹೆಣ್ಣುಮಕ್ಕಳ ಹೆಸರಿನ ಮುಂದೆ ‘ಗಂ. ಭಾ.’ ಎಂದು ಹಾಕುವ ಮರಾಠಿ ಪದ್ಧತಿ. ಗಂಗಾ ಭಾಗೀರಥಿ ಎಂದು ಅದರ ವಿಸ್ತಾರ. 2023ರಲ್ಲಿ ಮಹಾರಾಷ್ಟ್ರದಲ್ಲಿ ಸರಕಾರದ ಕಡೆಯಿಂದಲೇ ಈ ಬಿರುದಿನ ಪ್ರಸ್ತಾಪ ಬಂದಾಗ ಅಲ್ಲಿಯ ಹೆಣ್ಣುಮಕ್ಕಳೇ ಬೇಡವೆಂದು ಎದ್ದು ನಿಂತರು. ಲಗ್ನಕ್ಕೆ ಬಂದು ಹರಸಿದ ಹೆಂಗಸಿಗೆ ಕೃತಜ್ಞತೆಯ ಕಾಗದದಲ್ಲಿ ಅವಳ ವೈಧವ್ಯ ನೆನಪಿಸುವುದು ಬೇಕೇ? ಎಲ್ಲರಿಗೂ ಶ್ರೀಮತಿ ಎಂದು ಬರೆಯಿರಿ.

ಈಗ ಕಠಿಣ ಭಾಗ, ಒಂದೇ ಸೂರಿನಡಿ ಎರಡು ಅಕ್ಷರದ ಮನೆ. ಬೀದರದಲ್ಲಿ ಒಂದು ಸಂಸಾರ ಎಂದುಕೊಳ್ಳಿ. ಗಂಡ ಭಾಲ್ಕಿಯವನು, ಕನ್ನಡ ಓದಿದವನು. ಹೆಂಡತಿ ನಾಂದೇಡದವಳು, ಮರಾಠಿ ಓದಿದವಳು; ಮದುವೆಯಾದ ಮೇಲೆ ಕನ್ನಡ ಮಾತು ಕಲಿತಳು, ಅಕ್ಷರ ಕಲಿಯಲಿಲ್ಲ. ಪಾಕೀಟಿನ ಮೇಲೆ ಗಂಡನ ಕನ್ನಡ ಅಕ್ಷರ. ಆದರೆ ನಮಗೆ ನಂಟು ಯಾರ ಕಡೆಯಿಂದ? ಅವಳು ಹುಡುಗನ ತಾಯಿಯ ತಮ್ಮನ ಮಗಳು. ಅವನು ಅವಳ ಗಂಡನೆಂದು ಬಂದವನು. ಇಲ್ಲಿ ಪಾಕೀಟು ನಮ್ಮನ್ನು ದಾರಿ ತಪ್ಪಿಸುತ್ತದೆ, ಕಾಗದ ಮರಾಠಿಯಲ್ಲಿ ಅವಳ ಹೆಸರಿಗೇ ಹೋಗಬೇಕು. ನಂಟು ಯಾರ ಮೂಲಕವೋ ಅವರು ಓದುವ ಅಕ್ಷರ ಎಂದು ಇಟ್ಟುಕೊಂಡರೆ ಇಂಥ ಮನೆಗಳಲ್ಲಿ ಬಹುಪಾಲು ಬಗೆಹರಿಯುತ್ತವೆ. ನಮ್ಮ ಪದ್ಧತಿಯಲ್ಲಿ ಪಾಕೀಟು ಗಂಡಸಿನ ಹೆಸರಿನಲ್ಲೇ ಬರುವುದರಿಂದ, ಹೀಗೆ ಒಮ್ಮೆ ತಿರುಗಿ ನೋಡದಿದ್ದರೆ ಹೆಣ್ಣುಮಕ್ಕಳ ಅಕ್ಷರ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ.

ಇಬ್ಬರೂ ಸಮನಾಗಿ ನಮ್ಮವರಾದರೆ? ಆಕೆ ಹುಡುಗನ ಕಡೆ, ಆತ ಹುಡುಗಿಯ ಅಪ್ಪನ ಬಾಲ್ಯದ ಗೆಳೆಯ, ಅಂಥದ್ದೂ ಇರುತ್ತದೆ. ಅಂಥ ಕೆಲವೇ ಮನೆಗಳಿಗೆ ಮುಂದೆ ಕನ್ನಡ ಹಿಂದೆ ಮರಾಠಿ ಇರುವ ಕಾರ್ಡನ್ನು ತೆಗೆಸಿ. ಮೇಲೆ ಕೆಳಗೆ ಹಾಕಿಸಬೇಡಿ. ಬೆನ್ನಿಗೆ ಬೆನ್ನು ಇದ್ದರೆ ಯಾವ ಮಗ್ಗುಲು ಮೊದಲು ಎಂಬುದನ್ನು ತೆರೆದವರೇ ತೀರ್ಮಾನಿಸುತ್ತಾರೆ. ಏನೂ ತಿಳಿಯದೆ ಉಳಿದ ಆ 7 ಮನೆಗಳಿಗೂ ಇದೇ ಹೋಗಲಿ.

ಯಾವ ಅಕ್ಷರವೂ ಒಗ್ಗದವರು ಉಳಿಯುತ್ತಾರೆ: ಸಾಲಿಯ ಮುಖ ನೋಡದ ಹಿರಿಯರು, ತಾಂಡಾದ ಅಜ್ಜಿಯರು. ಇವರಿಗೆ ಫೋನಿನಲ್ಲಿ ದನಿ ಕಳಿಸುವುದೇ ಸರಿಯಾದ ಕಾಗದ. ವಾಟ್ಸಾಪಿನಲ್ಲಿ ಅರ್ಧ ನಿಮಿಷದ ಮಾತು, ಮದುಮಗಳ ಬಾಯಿಂದಲೇ, ಅವರ ಹೆಸರು ಹಿಡಿದು. ದಖನಿಗೂ ಲಂಬಾಣಿಗೂ ಇದು ಚೆನ್ನಾಗಿ ಒದಗುತ್ತದೆ, ಯಾಕೆಂದರೆ ಅವೆರಡೂ ನಾಲಗೆಯ ಮೇಲೆ ಇರುವಷ್ಟು ಕಾಗದದ ಮೇಲೆ ಇಲ್ಲ. ಕಚೇರಿಯ ಉರ್ದುವಿನಲ್ಲಿ ಕಾರ್ಡು ಓದಿದಾಗ ಬಾರದ ನಗು ‘ಆಪಾ, ತುಮೇ ಆಕೋ ಗಯೇ, ಬಹೋತ್ ಖುಷೀ ಹುಯೀ’ ಎಂಬ ನಮ್ಮ ಬೀದರದ ಮಾತು ಕೇಳಿದಾಗ ಬರುತ್ತದೆ. ಒಂದೇ ದನಿಯನ್ನು ಐವತ್ತು ಮಂದಿಗೆ ಫಾರ್ವರ್ಡ್ ಮಾಡಿದರೆ ಮಾತ್ರ ಎಲ್ಲ ಕೆಟ್ಟಿತು. ಮೂರು ಮನೆ ಕೂಡಿದಲ್ಲಿ ಅದು ಗೊತ್ತಾಗಿಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಎಲ್ಲೋ ಒಂದು ಕಾಗದ ತಪ್ಪು ಮನೆಗೆ ಹೋಗುವುದುಂಟು. ಅದಕ್ಕಾಗಿ ಕಾಗದವನ್ನೇ ಬಿಡಬೇಕಾಗಿಲ್ಲ. ಇನ್ನೊಮ್ಮೆ ಸಿಕ್ಕಾಗ ‘ನಿಮಗ ಮರಾಠಿ ಓದ್ಲಿಕ್ಕ ಬರ್ತದಂತ ತಿಳಕೊಂಡಿದ್ದೆ ಕಾಕಾ’ ಎಂದರೆ ಮುಗಿಯಿತು. ಮುಂದಿನ ಹದಿನೈದು ನಿಮಿಷ ಅವರು ತಾವು ಓದಿದ ಸಾಲಿಯ ಕಥೆ ಹೇಳುತ್ತಾರೆ.

ಬರುವ ಹಂಗಾಮಿಗೆ ಲಗ್ನ ಇಟ್ಟುಕೊಂಡವರಲ್ಲಿ ನನ್ನದೊಂದು ಕೇಳಿಕೆ. ಆಹೇರದ ವಹಿಯಲ್ಲಿ ಹೆಸರು, ಊರು, ರೊಕ್ಕ ಎಂದು ಮೂರು ಸಾಲು ಗೆರೆ ಹೊಡೆದಿರುತ್ತೀರಿ. ನಾಲ್ಕನೆಯದೊಂದು ಹೊಡೆಯಿರಿ. ರಾತ್ರಿ ಪಾಕೀಟು ಒಡೆಯುವಾಗ ಆ ಸಾಲಿನಲ್ಲಿ ಕ ಎಂದೋ ಮ ಎಂದೋ ಉ ಎಂದೋ ತೆ ಎಂದೋ ಒಂದೇ ಅಕ್ಷರ ಬರೆದುಕೊಳ್ಳಿ, ನಂಟು ಹೆಂಡತಿಯ ಕಡೆಯದಾದರೆ ಪಕ್ಕದಲ್ಲಿ ಅವಳ ಹೆಸರನ್ನೂ ಸೇರಿಸಿ. ಆಮೇಲೆ ಪಾಕೀಟನ್ನು ಹೊರಗೆ ಹಾಕಿ.